ಲಾಪ್ಲಾಸ್ ಜೋಡಿಗಳು ಬಾಯಿಗೆ ಬರುತ್ತವೆ, ಲೆಕ್ಕ ಮಾತ್ರ ತಪ್ಪುತ್ತದೆ

ಕೇಳಿದವರು: ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೇನೆ. ಜೋಡಿಗಳೆಲ್ಲ ಬಾಯಿಪಾಠ ಆಗಿವೆ. ಆದರೂ e^(-2t)u(t-3) ತರಹದ್ದು ಬಂದರೆ ತಪ್ಪಾಗುತ್ತದೆ. ನೀವೆಲ್ಲ ಪಟ್ಟಿ ಹೇಗೆ ಮಾಡಿಕೊಂಡಿರಿ, ಅಭ್ಯಾಸ ಹೇಗೆ ಮಾಡಿದಿರಿ?

ಮೊದಲ ಉತ್ತರ: ನಾನು ನಲವತ್ತು ಸಾಲಿನ ಪಟ್ಟಿ ಮಾಡಿದ್ದೆ. ಈ ಲೆಕ್ಕ ಸುಲಭ. e^(-2t)u(t)ಗೆ 1/(s+2). ಮೂರು ಸೆಕೆಂಡ್ ತಡ ಅಂದರೆ e^(-3s)ನಿಂದ ಗುಣಿಸಿ. ಉತ್ತರ e^(-3s)/(s+2).

ಎರಡನೆಯವರು: ನಿಯಮ ಸರಿ, ಹಾಕಿದ ಜಾಗ ಸರಿಯಿಲ್ಲ. ಇಲ್ಲಿ ತಡವಾಗಿರುವುದು u ಮಾತ್ರ, e^(-2t) ಇದ್ದಲ್ಲೇ ಇದೆ. ನಿಯಮ ಹಾಕಬೇಕಾದರೆ ಎರಡೂ ಒಟ್ಟಿಗೆ ಸರಿದಿರಬೇಕು. ಅದಕ್ಕೆ t ಇರುವ ಕಡೆ (t-3)+3 ಅಂತ ಬರೆಯಿರಿ:

```
e^(-2t)u(t-3) = e^(-6) · e^(-2(t-3))u(t-3)
X(s) = e^(-6) · e^(-3s)/(s+2)
```

ನಂಬಿಕೆ ಬರದಿದ್ದರೆ s = 0 ಹಾಕಿ ನೋಡಿ. ಆಗ ಸಿಗುವುದು ಸಿಗ್ನಲ್‌ನ ಒಟ್ಟು ವಿಸ್ತೀರ್ಣ. 3ರಿಂದ ಮುಂದೆ ಇಂಟಿಗ್ರೇಟ್ ಮಾಡಿದರೆ e^(-6)/2, ಸುಮಾರು 0.00124. ಮೇಲಿನ ಉತ್ತರದಲ್ಲಿ 1/2 ಬರುತ್ತದೆ. ಅಷ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ ಅಲ್ವಾ?

ನಲವತ್ತು ಸಾಲು ಜಾಸ್ತಿ ಆಯಿತು. ನನ್ನ ಹಾಳೆಯಲ್ಲಿ ಆರೇ ಜೋಡಿ: δ(t), u(t), t·u(t), e^(-at)u(t), ಸೈನ್, ಕಾಸ್. ಉಳಿದದ್ದನ್ನು ಗುಣಗಳಿಂದ ಹುಟ್ಟಿಸಿಕೊಳ್ಳುತ್ತೇನೆ. ಹಳೇ ಪತ್ರಿಕೆ ಹಿಡಿದಾಗ ಮೊದಲು ಲೆಕ್ಕ ಮಾಡುವುದಿಲ್ಲ. ಪ್ರತಿ ಪ್ರಶ್ನೆಯ ಪಕ್ಕ ಯಾವ ಜೋಡಿ, ಯಾವ ಗುಣ, ಯಾವುದು ಮೊದಲು ಅಂತ ಒಂದೇ ಸಾಲು ಬರೆಯುತ್ತೇನೆ. ನಾನು ಎಡವುತ್ತಿದ್ದದ್ದು ಹೆಚ್ಚಾಗಿ ಈ ಸಾಲಿನಲ್ಲೇ.

ಮೂರನೆಯವರು: ನನಗೆ ಪೆಟ್ಟು ಬಿದ್ದದ್ದು ಝಡ್ ಟ್ರಾನ್ಸ್‌ಫಾರ್ಮ್‌ನಲ್ಲಿ. aⁿu[n] ಮತ್ತು -aⁿu[-n-1] ಎರಡಕ್ಕೂ 1/(1-az⁻¹) ಅಂತಲೇ ಬರುತ್ತದೆ. ಪತ್ರಿಕೆಯಲ್ಲಿ |z| < |a| ಅಂತ ಕೊಟ್ಟಿದ್ದರು, ನಾನು ಅದನ್ನು ಓದದೆ ಮೊದಲನೆಯದನ್ನೇ ಬರೆದುಬಂದೆ. ಪೂರ್ತಿ ಅಂಕ ಹೋಯಿತು. ಅಂದಿನಿಂದ ಪಟ್ಟಿಯಲ್ಲಿ ಆರ್‌ಓಸಿಗೆ ಒಂದು ಕಾಲಂ ಇಟ್ಟಿದ್ದೇನೆ.

ನಾಲ್ಕನೆಯವರು: ಫೋರಿಯರ್ ಪಟ್ಟಿಯನ್ನು f ನಲ್ಲಿ ಬರೆದುಕೊಳ್ಳಿ. ಡ್ಯುಯಾಲಿಟಿ ಹಾಕುವಾಗ 2π ತಲೆನೋವು ಇರುವುದಿಲ್ಲ.

ಎರಡನೆಯವರು: ನಾನು ಒಪ್ಪುವುದಿಲ್ಲ. ನಾನು ಬಿಡಿಸಿದ ಪತ್ರಿಕೆಗಳಲ್ಲಿ ಜಾಸ್ತಿ ω ಇತ್ತು. ಪ್ರತಿ ಸಲ ಬದಲಾಯಿಸುವಾಗಲೇ 2π ಬಿಟ್ಟುಹೋಗುತ್ತದೆ.

ನಾಲ್ಕನೆಯವರು: ನನಗೆ ಅದೇ f ನಲ್ಲಿ ಕೈ ಕೂತಿದೆ.

ಕೇಳಿದವರು: t·u(t-2) ಮಾಡಿ ನೋಡಿದೆ. (t-2)u(t-2) + 2u(t-2) ಅಂತ ಒಡೆದೆ. e^(-2s)(1/s² + 2/s) ಬಂತು. ಆದರೆ s = 0 ಹಾಕಿದರೆ ಅನಂತ ಆಗುತ್ತದಲ್ಲ?

ಎರಡನೆಯವರು: ಉತ್ತರ ಸರಿ. ಈ ಸಿಗ್ನಲ್‌ನ ಆರ್‌ಓಸಿಯೊಳಗೆ s = 0 ಇಲ್ಲ, ಅದಕ್ಕೇ ಆ ಪರೀಕ್ಷೆ ನಡೆಯುವುದಿಲ್ಲ. s = 1 ಹಾಕಿ. ಸೂತ್ರದಿಂದ 3e^(-2). t·e^(-t)ಯನ್ನು 2ರಿಂದ ಇಂಟಿಗ್ರೇಟ್ ಮಾಡಿದರೂ 3e^(-2) ಬರುತ್ತದೆ.