ಸಹಾಯ ಬೇಕು: ಬ್ಯಾಂಕ್ ಇಂಟರ್‌ವ್ಯೂಗೆ ಈ ಮೂರರಲ್ಲಿ ಯಾವುದು?

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಸೋಮವಾರ ಬ್ಯಾಂಕ್ ಆಫೀಸರ್ ಹುದ್ದೆಯ ಇಂಟರ್‌ವ್ಯೂ ಇದೆ. ಮೂರು ಜೊತೆ ಬಟ್ಟೆಯ ಫೋಟೋ ಹಾಕಿದ್ದೇನೆ. ಮೂರನ್ನೂ ಕಿಟಕಿ ಬೆಳಕಲ್ಲೇ, ಫೋನನ್ನು ಎದೆಮಟ್ಟಕ್ಕೆ ಹಿಡಿದು ತೆಗೆದದ್ದು. ಟ್ಯೂಬ್‌ಲೈಟ್ ಕೆಳಗೆ ನೇವಿ ಬ್ಲೂ ಪ್ಯಾಂಟ್ ಕಪ್ಪಾಗಿ ಕಾಣುತ್ತಿತ್ತು. ಮೇಲಿನಿಂದ ತೆಗೆದರೆ ಕಾಲು ಗಿಡ್ಡ ಕಾಣುತ್ತದೆ.

ಫೋಟೋ 1: ತಿಳಿನೀಲಿ ಶರ್ಟ್, ನೇವಿ ಪ್ಯಾಂಟ್. ಬಣ್ಣ ಚೆನ್ನಾಗಿ ಹೊಂದುತ್ತದೆ. ಆದರೆ ಭುಜದ ಹೊಲಿಗೆ ಮೂಳೆಯ ತುದಿಯಲ್ಲಿ ನಿಲ್ಲದೆ ಸುಮಾರು 1 ಇಂಚು ಕೆಳಗಿಳಿದಿದೆ. ಸೊಂಟದ ಹತ್ತಿರ ಸಡಿಲವಿದ್ದರೆ ಟೈಲರ್ ಸುಲಭವಾಗಿ ಹಿಡಿಯುತ್ತಾರೆ, ಭುಜ ಸರಿಮಾಡಲು ತೋಳನ್ನೇ ಬಿಚ್ಚಬೇಕು.

ಫೋಟೋ 2: ಬಿಳಿ ಶರ್ಟ್, ಕಡುಬೂದು ಪ್ಯಾಂಟ್. ಭುಜ, ಕಾಲರ್ ಸರಿಯಿವೆ. ಗುಂಡಿ ಹಾಕಿದಾಗ ಕಾಲರ್ ಒಳಗೆ ಎರಡು ಬೆರಳು ಹೋಗುತ್ತವೆ. ಪ್ಯಾಂಟ್ ಮಾತ್ರ ಶೂ ಮೇಲೆ ಎರಡು ಮಡಿಕೆ ಬೀಳುತ್ತದೆ, ಮುಕ್ಕಾಲು ಇಂಚು ಮಡಿಸಿ ಹೊಲಿಸಿದರೆ ಸಾಕು. ಶರ್ಟ್ ಬಟ್ಟೆ ತೆಳುವಾದ್ದರಿಂದ ಬನಿಯನ್ ಅಂಚು ಕಾಣುತ್ತಿದೆ.

ಫೋಟೋ 3: ಮರೂನ್ ಸ್ಲಿಮ್ ಫಿಟ್ ಶರ್ಟ್, ಬೀಜ್ ಚಿನೋಸ್. ನಿಂತಾಗ ಚಂದ. ಕೂತ ಫೋಟೋ ನೋಡಿ, ಹೊಟ್ಟೆಯ ಹತ್ತಿರ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಇಂಟರ್‌ವ್ಯೂ ಪೂರ್ತಿ ಕೂತೇ ಇರಬೇಕಲ್ಲ! ಬ್ಯಾಂಕಿಗೆ ಚಿನೋಸ್ ಸ್ವಲ್ಪ ಕ್ಯಾಶುವಲ್ ಕೂಡ.

ನನ್ನ ಒಲವು 2ರ ಕಡೆ. 2ರ ಪ್ಯಾಂಟ್‌ಗೆ ತಿಳಿನೀಲಿಯಲ್ಲೇ ಸರಿಯಾದ ಭುಜದಳತೆಯ ಹೊಸ ಶರ್ಟ್ ತರುವುದೋ, ಇದೇ ಬಿಳಿಯ ಒಳಗೆ ಮೈಬಣ್ಣದ ಬನಿಯನ್ ಹಾಕಿದರೆ ನಡೆಯುತ್ತದೋ? ಶೂ, ಬೆಲ್ಟ್ ಎರಡೂ ಕಪ್ಪು. ಶುಕ್ರವಾರದೊಳಗೆ ಹೇಳಿದರೆ ಟೈಲರ್‌ಗೆ ಕೊಡಲು ಸಮಯ ಸಿಗುತ್ತದೆ.