ಸಹಾಯ ಬೇಕು: ಇನ್ಸುಲಿನ್ ಅನಿಮೇಷನ್‌ನಲ್ಲಿ ಬೀಗ-ಕೀಲಿ ಬಿಡಲೋ, ಇಟ್ಟುಕೊಳ್ಳಲೋ?

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆಯವರಿಗಾಗಿ ಒಂದೂವರೆ ನಿಮಿಷದ ಕನ್ನಡ ಅನಿಮೇಷನ್ ಮಾಡುತ್ತಿದ್ದೇನೆ. ಎಲ್ಲರೂ ತೋರಿಸುವ ಹಾಗೆ ಇನ್ಸುಲಿನ್ ಕೀಲಿ, ಜೀವಕೋಶ ಬೀಗ ಹಾಕಿದ ಮನೆ ಅಂತ ಬರೆದಿದ್ದೆ. ನೋಡಿದ ನಮ್ಮ ಚಿಕ್ಕಮ್ಮ, "ಅಂದ್ರೆ ಇನ್ಸುಲಿನ್ ಒಳಗೆ ಹೋಗಿ ಸಕ್ಕರೆ ಕರಗಿಸುತ್ತಾ?" ಅಂದರು. ತಪ್ಪು ಅವರದಲ್ಲ, ನನ್ನ ಚಿತ್ರದ್ದು.

ನಿಜದಲ್ಲಿ ಇನ್ಸುಲಿನ್ ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಂಡು ಸಂದೇಶ ಕೊಡುತ್ತದೆ, ಅಷ್ಟೆ. ಆಗ ಸ್ನಾಯು ಮತ್ತು ಕೊಬ್ಬಿನ ಕೋಶಗಳ ಒಳಗೆ ಪುಟ್ಟ ಚೀಲಗಳಲ್ಲಿರುವ ಗ್ಲುಟ್-4 ಎಂಬ ಪ್ರೋಟೀನ್ ಹೊರಗೋಡೆಗೆ ಬಂದು ಸೇರುತ್ತದೆ. ಗ್ಲೂಕೋಸ್ ಒಳಹೋಗುವುದು ಅದರ ಮೂಲಕ. ಹಾಗಾಗಿ ಈಗ ಕಾಲಿಂಗ್ ಬೆಲ್ ಹಾಕಿದ್ದೇನೆ: ಇನ್ಸುಲಿನ್ ಬೆಲ್ ಒತ್ತುತ್ತದೆ, ಒಳಗಿನವರು ಬಾಗಿಲನ್ನೇ ಹೊತ್ತು ತಂದು ಗೋಡೆಗೆ ಕೂರಿಸುತ್ತಾರೆ. ಟೈಪ್ 1ರಲ್ಲಿ ಬೆಲ್ ಒತ್ತುವವರೇ ಇಲ್ಲದಂತೆ. ಟೈಪ್ 2ರಲ್ಲಿ ಬೆಲ್ ಬಡಿದರೂ ಒಳಗೆ ಸರಿಯಾಗಿ ಕೇಳುವುದಿಲ್ಲ, ಮೇದೋಜೀರಕ ಗ್ರಂಥಿ ಮೊದಮೊದಲು ಇನ್ನಷ್ಟು ಜನರನ್ನು ಕಳಿಸಿ ಕೊನೆಗೆ ಸುಸ್ತಾಗುತ್ತದೆ. ನಡಿಗೆಯ ದೃಶ್ಯಕ್ಕೂ ಇದು ಹೊಂದುತ್ತದೆ, ಯಾಕೆಂದರೆ ಸ್ನಾಯು ಕೆಲಸ ಮಾಡುವಾಗ ಬೆಲ್ ಇಲ್ಲದೆಯೂ ಬಾಗಿಲು ಬರುತ್ತದೆ.

ತೊಡಕು ಎರಡು. ಮಿದುಳು ಗ್ಲೂಕೋಸ್ ಪಡೆಯಲು ಈ ಬೆಲ್ ಕಾಯುವುದಿಲ್ಲ. ಅದನ್ನು ಹೇಳದೆ "ದೇಹದ ಎಲ್ಲ ಕೋಶಗಳು" ಅಂದರೆ ಸುಳ್ಳಾಗುತ್ತದೆ. "ಸ್ನಾಯುವಿನ ಕೋಶ" ಅಂತ ಒಂದು ಲೇಬಲ್ ಹಾಕಿದರೆ ಸಾಕಾ? ಇನ್ನೊಂದು, ರಾತ್ರಿ ಊಟವಿಲ್ಲದೆಯೂ ಬೆಳಗಿನ ಸಕ್ಕರೆ ಏರುವುದಕ್ಕೆ ಯಕೃತ್ತು ಗ್ಲೂಕೋಸ್ ಬಿಡುವುದು ದೊಡ್ಡ ಕಾರಣ. ಅದನ್ನು ಇದರಲ್ಲೇ ಸೇರಿಸಲೋ, ಬೇರೆ ವಿಡಿಯೊ ಮಾಡಲೋ?

ವೈದ್ಯರು, ಡಯಟಿಷಿಯನ್‌ಗಳು, ಆನಿಮೇಟರ್‌ಗಳು ಯಾರಾದರೂ ಸ್ಟೋರಿಬೋರ್ಡ್ ನೋಡಿ ತಪ್ಪು ಹೇಳುತ್ತೀರಾ?