ತೋಳು ಕೂರಿಸುವಾಗ ಸುಕ್ಕು ಯಾಕೆ ಬೀಳುತ್ತೆ?

ಪ್ರಶ್ನೆ: ಒತ್ತು ನೇಯ್ಗೆಯ ಕಾಟನ್ ಶರ್ಟ್ ಹೊಲಿಯುತ್ತಿದ್ದೇನೆ. ತೋಳು ಕೂರಿಸಿದರೆ ಭುಜದ ಹತ್ತಿರ ಸಣ್ಣ ಸಣ್ಣ ಸುಕ್ಕು. ಅಂಚಿನ ಮೇಲೆ ಟೇಪ್ ಇಟ್ಟು ಅಳೆದರೆ ಆರ್ಮ್‌ಹೋಲ್ 14.5 ಇಂಚು, ತೋಳು 19. ಇಷ್ಟು ಜಾಸ್ತಿ ಬಟ್ಟೆ ಎಲ್ಲಿ ಅಡಗಿಸೋದು ಸರ್?

ಒಬ್ಬ ಸದಸ್ಯೆ: ಎರಡು ಸಾಲು ದೊಡ್ಡ ಹೊಲಿಗೆ ಹಾಕಿ ದಾರ ಎಳೀರಿ. ಎಷ್ಟಿದ್ದರೂ ಹೊಂದಿಕೊಳ್ಳುತ್ತೆ.

ಟೈಲರ್: ಎರಡು ಸಾಲು ಸರಿ, 'ಎಷ್ಟಿದ್ದರೂ' ಅನ್ನೋದು ಸರಿಯಲ್ಲ. ಮೇಡಂ, ಮೊದಲು ಹೊಲಿಗೆ ಬೀಳುವ ಗೆರೆ ಮೇಲೆ ಅಳೆಯಿರಿ, ಟೇಪಿನ ಅಂಚು ಗೆರೆಯ ಮೇಲೆ ಬರುವ ಹಾಗೆ ಟೇಪನ್ನು ನಿಲ್ಲಿಸಿ. ಆರ್ಮ್‌ಹೋಲ್ ಅಂದರೆ ತೂತು ಅಲ್ವಾ, ಅದರ ಅಂಚು ಹೊಲಿಗೆ ಗೆರೆಗಿಂತ ಒಳಗಿರುತ್ತೆ. ಅರ್ಧ ಇಂಚು ಮಾರ್ಜಿನ್ ಬಿಟ್ಟಿದ್ದರೆ ಸುತ್ತಳತೆ ಸುಮಾರು 3 ಇಂಚು ಕಡಿಮೆ ತೋರಿಸುತ್ತೆ. ತೋಳಿನಲ್ಲಿ ಅಷ್ಟು ವ್ಯತ್ಯಾಸ ಬರಲ್ಲ.

ಪ್ರಶ್ನೆ ಕೇಳಿದವರು: ಹೌದು ಸರ್! ಈಗ 17.5, 19.

ಟೈಲರ್: ಹಾಗಾದರೆ ಜಾಸ್ತಿ ಇರೋದು ಒಂದೂವರೆ ಇಂಚು. ಉಣ್ಣೆ ಬಟ್ಟೆ ಆಗಿದ್ದರೆ ಹಬೆ ಇಸ್ತ್ರಿಯಲ್ಲಿ ಕುಗ್ಗಿಸಬಹುದಿತ್ತು. ಒತ್ತು ಕಾಟನ್ ಕುಗ್ಗಲ್ಲ, ಅದಕ್ಕೆ ಮುಕ್ಕಾಲು ಇಂಚು ಸಾಕು. ತೋಳಿನ ನೆತ್ತಿಯಿಂದ ಕಾಲು ಇಂಚು ಕತ್ತರಿಸಿ, ಎರಡೂ ಕಡೆ ನಾಚ್ ಗುರುತಿಗೆ ಬರುವಷ್ಟರಲ್ಲಿ ಸೊನ್ನೆಯಾಗುವ ಹಾಗೆ ಇಳಿಸಿ, ಮತ್ತೆ ಅಳೆಯಿರಿ. ಸಾಲದಿದ್ದರೆ ಇನ್ನೊಂದು ಚೂರು. ಅತಿಯಾದರೆ ಭುಜದ ತುದಿಯಿಂದ ತೋಳಿಗೆ ಎಳೆದಂತೆ ಗೆರೆ ಬೀಳುತ್ತೆ, ಅಲ್ಲಿಗೆ ಮುಂಚೆ ನಿಲ್ಲಿಸಿ.

ಉಳಿದ ಮುಕ್ಕಾಲು ಇಂಚನ್ನು ಎಲ್ಲರೂ ನೆತ್ತಿಯಲ್ಲೇ ತುರುಕುತ್ತಾರೆ. ಸುಕ್ಕು ಬೀಳೋದೇ ಅಲ್ಲಿ. ನೆತ್ತಿಯ ಎರಡೂ ಕಡೆ ಅರ್ಧರ್ಧ ಇಂಚು ಚಪ್ಪಟೆಯಾಗಿ ಬಿಡಿ, ಗುರುತಿನ ಕೆಳಗೆ ಕಂಕುಳಲ್ಲೂ ಎಳೆಯಬೇಡಿ. ನಡುವಿನ ಇಳಿಜಾರಿನಲ್ಲಿ ಬಟ್ಟೆ ಓರೆಯಾಗಿರುತ್ತೆ, ಅದು ಸುಮ್ನೆ ನುಂಗಿಕೊಳ್ಳುತ್ತೆ. ದಾರ ಎಳೆದ ಮೇಲೆ ಅಂಚು ಅಲೆಅಲೆ ಆಗಿದ್ದರೂ ಪರವಾಗಿಲ್ಲ, ಹೊಲಿಗೆ ಗೆರೆ ಮೇಲೆ ಒಂದು ಮಡಿಕೆಯೂ ಕಾಣಬಾರದು.

ಇನ್ನೊಬ್ಬರು: ನಾನು ಟಿ-ಶರ್ಟ್‌ಗೆ ಪಕ್ಕದ ಹೊಲಿಗೆ ಹಾಕೋಕೆ ಮುಂಚೆಯೇ ತೋಳು ಹಚ್ಚಿಬಿಡ್ತೀನಿ, ದಾರ ಎಳೆಯೋ ರಗಳೆಯೇ ಇಲ್ಲ.

ಟೈಲರ್: ಅದು ಹಿಗ್ಗುವ ಹೆಣೆದ ಬಟ್ಟೆ ಅಕ್ಕ, ಅಲ್ಲಿ ತೋಳಿಗೂ ಆರ್ಮ್‌ಹೋಲಿಗೂ ಅಳತೆ ಹೆಚ್ಚುಕಮ್ಮಿ ಒಂದೇ. ಇವರದು ಬೇರೆ ಲೆಕ್ಕ.

ಪ್ರಶ್ನೆ ಕೇಳಿದವರು: ಮಷಿನ್ ಕೆಳಗೆ ಯಾವುದು ಮೇಲಿರಬೇಕು?

ಟೈಲರ್: ನಾನು ತೋಳನ್ನು ಕೆಳಗಿಡ್ತೀನಿ. ಮಷಿನ್ ಹಲ್ಲು ಕೆಳಗಿನ ಬಟ್ಟೆಯನ್ನು ಚೂರು ಜಾಸ್ತಿ ತಳ್ಳುತ್ತೆ.

ಮೊದಲ ಸದಸ್ಯೆ: ನಾನಂತೂ ತೋಳು ಮೇಲೇ. ಮಡಿಕೆ ಕಣ್ಣಿಗೆ ಕಂಡರೆ ತಾನೇ ಸರಿ ಮಾಡೋದು?

ಟೈಲರ್: ಕೈಯಲ್ಲಿ ಕಚ್ಚಾ ಹಾಕಿಕೊಂಡಿದ್ದರೆ ನಿಮ್ಮದೂ ನಡೆಯುತ್ತೆ. ಬರೀ ಪಿನ್ನಲ್ಲಿ ಹೊಲಿಯೋದಾದರೆ ನಾನು ಒಪ್ಪಲ್ಲ.

ಪ್ರಶ್ನೆ ಕೇಳಿದವರು: ನೆತ್ತಿ ಇಳಿಸಿ ಹೊಲಿದೆ ಸರ್. ಮುಂದೆ ನುಣುಪಾಗಿದೆ, ಹಿಂದೆ ಒಂದು ಸುಕ್ಕು ಉಳಿದಿದೆ.

ಟೈಲರ್: ಪೂರ್ತಿ ಬಿಚ್ಚಬೇಡಿ. ಆ ಸುಕ್ಕಿನ ಆಚೆ ಈಚೆ ಒಂದೊಂದು ಇಂಚು ಬಿಚ್ಚಿ, ಉಗುರಲ್ಲಿ ಸವರಿ ಹರಡಿ, ಅಷ್ಟನ್ನೇ ಮತ್ತೆ ಹೊಲಿಯಿರಿ.